ಕಾಕಂಬಿ ಇಳಿದ ಮೇಲೆ ಉಳಿದದ್ದು

ಕಬ್ಬಿನ ಹಾಲು ಕುದಿದು ಬೆಲ್ಲವಾಗುವುದನ್ನು ಆಲೆಮನೆಯಲ್ಲಿ ಕಂಡವರು ಬಹಳ ಮಂದಿ ಇದ್ದಾರೆ. ಅದೇ ಹಾಲಿನಿಂದ ಸಕ್ಕರೆಯ ಹರಳು ತೆಗೆಯುವುದು ಮಾತ್ರ ಬೇರೆಯೇ ವಿದ್ಯೆ. ಬೆಲ್ಲದಲ್ಲಿ ನೀರು ಹೋಗಿ, ಮಿಕ್ಕದ್ದೆಲ್ಲ ಒಟ್ಟಿಗೆ ಗಟ್ಟಿಯಾಗುತ್ತದೆ. ಸಕ್ಕರೆ ಬೇಕೆಂದರೆ ಮಿಕ್ಕದ್ದರಲ್ಲೂ ಸುಕ್ರೋಸನ್ನಷ್ಟೇ ಉಳಿಸಿಕೊಂಡು ಉಳಿದ ಅಂಟುರಸವನ್ನು ಬಸಿದುಹಾಕಬೇಕು.

ಈ ವಿದ್ಯೆಯನ್ನು ಭಾರತದವರು ಹಂತಹಂತವಾಗಿ ಕಲಿತರು ಎಂಬುದಕ್ಕೆ ಅರ್ಥಶಾಸ್ತ್ರದ ಒಂದು ಪಟ್ಟಿಯೇ ಸಾಕ್ಷಿ. ಉಗ್ರಾಣದಲ್ಲಿಡುವ ಸಿಹಿ ಪದಾರ್ಥಗಳೆಂದು ಅಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಐದು ಹೆಸರುಗಳಿವೆ. ಫಾಣಿತವೆಂದರೆ ಹೆಚ್ಚುಕಡಿಮೆ ನಮ್ಮ ಮಲೆನಾಡಿನ ಜೋನಿಬೆಲ್ಲ, ಗುಡ ಉಂಡೆಬೆಲ್ಲ. ಮುಂದಿನ ಮೂರು ಒಂದಕ್ಕಿಂತ ಒಂದು ಶುದ್ಧವಾದ ಹರಳುಗಳು. ಇವು ನಿರ್ಮಲವಾದಷ್ಟೂ ಹೆಚ್ಚು ಸಿಹಿ, ಹೆಚ್ಚು ತಂಪು ಎಂದು ಸುಶ್ರುತ ಸಂಹಿತೆಯೂ ಹೇಳುತ್ತದೆ. ವೈದ್ಯರು ದರ್ಜೆ ನೋಡಿ ಔಷಧಕ್ಕೆ ಆರಿಸುತ್ತಿದ್ದರು ಎಂದಮೇಲೆ ಮಾಡುವವರಿಗೂ ಆ ದರ್ಜೆಗಳನ್ನು ಬೇರ್ಪಡಿಸುವ ಕೈಚಳಕ ಇದ್ದಿರಲೇಬೇಕು.

ಹರಳು ಕಟ್ಟುವುದರ ಹಿಂದಿರುವ ತತ್ವ ಸರಳವಾದದ್ದು. ಒಂದು ಲೀಟರ್ ಕುದಿಯುವ ನೀರು ಸುಮಾರು ಐದು ಕಿಲೋ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ತಣ್ಣಗಾದ ಮೇಲೆ ಅದು ಹಿಡಿದಿಡಬಲ್ಲದ್ದು ಎರಡು ಕಿಲೋ ಮಾತ್ರ. ಹೆಚ್ಚಾದದ್ದು ಹರಳಾಗಿ ಹೊರಬೀಳಬೇಕು.

ಆದರೆ ಕಬ್ಬಿನ ಹಾಲು ಬರಿಯ ಸಕ್ಕರೆ ನೀರಲ್ಲ, ಅದು ಸ್ವಲ್ಪ ಹುಳಿ. ಹುಳಿ ಮತ್ತು ಕಾವು ಕೂಡಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವೆರಡೂ ಸಿಹಿಯೇ, ಆದರೆ ಪಾಕದಲ್ಲಿ ಹೆಚ್ಚಾದರೆ ಸುಕ್ರೋಸನ್ನು ಹರಳುಗಟ್ಟಲು ಬಿಡುವುದಿಲ್ಲ. ಕಬ್ಬು ಕಡಿದು ಬಿಸಿಲಲ್ಲಿ ಬಿಟ್ಟರೂ ಹೀಗೆಯೇ ಆಗುತ್ತದೆ. ಅದಕ್ಕೇ ಕಡಿದ ಕಬ್ಬನ್ನು ತಡಮಾಡದೆ ಗಾಣಕ್ಕೆ ಕೊಡುವುದು, ಹುಳಿ ಮುರಿಯಲು ಕೊಪ್ಪರಿಗೆಗೆ ಚಿಟಿಕೆ ಸುಣ್ಣ ಹಾಕುವುದು. ಬೆಂಡೆಗಿಡದ ಲೋಳೆ ಹಾಕಿದರೆ ಹಾಲಿನ ಕಶ್ಮಲವೆಲ್ಲ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ಎತ್ತಿಬಿಡಬಹುದು. ಎಷ್ಟು ಕುದಿಸಿದರೂ ಪಾಕ ಕಾಳುಕಟ್ಟದೆ ಮೇಣದಂತೆ ಎಳೆಯುತ್ತಲೇ ಇದ್ದರೆ ಸುಕ್ರೋಸ್ ಒಡೆದುಹೋಗಿದೆ ಎಂದೇ ಅರ್ಥ. ಅಂಥ ಪಾಕದಿಂದ ಸಕ್ಕರೆಯ ಆಸೆ ಬಿಡಬೇಕು.

ಪಾಕ ಚೆನ್ನಾಗಿ ಬಂದರೂ ಕೆಲಸ ಅರ್ಧ ಮಾತ್ರ ಮುಗಿದಂತೆ. ಉತ್ತರ ಭಾರತದ ಖಂಡಸಾರಿ ಪದ್ಧತಿಯನ್ನು ನೋಡಿದರೆ ಮುಂದಿನ ಅರ್ಧ ತಿಳಿಯುತ್ತದೆ. ಬೆಲ್ಲದ ಹದಕ್ಕೆ ಬರುವ ಮೊದಲೇ ಪಾಕವನ್ನು ಇಳಿಸಿ, ಮಡಕೆಗಳಲ್ಲಿ ತುಂಬಿ, ದಿನಗಟ್ಟಲೆ ನಿಧಾನವಾಗಿ ಆರಲು ಬಿಡುತ್ತಿದ್ದರು. ಬೇಗ ಆರಿದರೆ ಪುಡಿಯಂಥ ಸಣ್ಣ ಕಾಳು, ನಿಧಾನವಾಗಿ ಆರಿದರೆ ದಪ್ಪ ಕಾಳು. ಕಾಳಿನ ಸುತ್ತ ಕಪ್ಪು ಕಾಕಂಬಿ ಅಂಟಿಕೊಂಡೇ ಇರುತ್ತದೆ. ತೊಳೆಯೋಣವೆಂದು ನೀರು ಸುರಿದರೆ ಸಕ್ಕರೆಯೇ ಕರಗಿಹೋಗುತ್ತದಲ್ಲ! ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗಂತೂ ಇಡೀ ಕತೆಯಲ್ಲೇ ಅತ್ಯಂತ ಜಾಣತನದ್ದೆನಿಸುತ್ತದೆ. ಕಾಳುಕಟ್ಟಿದ ಪಾಕವನ್ನು ಬಸಿಯುವ ಬುಟ್ಟಿಗೆ ಹಾಕಿ, ಮೇಲೆ ಕೆರೆಯಿಂದ ತಂದ ಒದ್ದೆ ನೀರುಕಳೆಯನ್ನು ಹೊದಿಸುತ್ತಿದ್ದರು. ಕಳೆಯಿಂದ ತೇವ ಒಂದೇ ಸಮನೆ, ಬಹಳ ಮೆಲ್ಲಗೆ ಇಳಿಯುತ್ತ ಕಾಕಂಬಿಯನ್ನು ತೆಳುಮಾಡಿ ಕೆಳಕ್ಕೆ ಒಯ್ಯುತ್ತದೆ. ಹರಳು ಕರಗುವುದು ಅಲ್ಪ ಮಾತ್ರ. ಮೇಲಿನ ಪದರ ಬೆಳ್ಳಗಾದೊಡನೆ ಅದನ್ನು ಕೆರೆದು ತೆಗೆದು, ಹೊಸ ಕಳೆ ಹಾಸುತ್ತಿದ್ದರು.

ಈ ಕೈಕಸುಬು ಪಡುವಣಕ್ಕೂ ಮೂಡಣಕ್ಕೂ ಹೋಯಿತು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಾದ ಪೆರಿಪ್ಲಸ್‌ನಲ್ಲಿ, ಗುಜರಾತ್ ಕಡೆಯಿಂದ ಆಫ್ರಿಕಾದ ಕರಾವಳಿಗೆ ಹೋಗುವ ಸರಕುಗಳ ನಡುವೆ ಕಬ್ಬಿನ ಜೇನು ಸೇರಿದೆ. ಏಳನೆಯ ಶತಮಾನದ ಹೊತ್ತಿಗೆ ಸಕ್ಕರೆ ಪರ್ಷಿಯಾದ ಅರಮನೆಯ ಉಗ್ರಾಣದಲ್ಲಿತ್ತು. ಅಲ್ಲಿಂದ ಅರಬರು ಅದನ್ನು ಈಜಿಪ್ಟಿಗೂ ಮೆಡಿಟರೇನಿಯನ್ ತೀರಗಳಿಗೂ ಒಯ್ದರು.

ಮೂಡಣದ ಕತೆಗೆ ಇನ್ನೂ ಸ್ಪಷ್ಟ ದಾಖಲೆಯಿದೆ. 647ರಲ್ಲಿ ಮಗಧದ ದೂತರು ಚೀನಾಕ್ಕೆ ಬಂದ ಮೇಲೆ, ತಾಂಗ್ ಚಕ್ರವರ್ತಿ ತೈಜೋಂಗ್ ಸಕ್ಕರೆ ಕುದಿಸುವ ಕ್ರಮ ಕಲಿತು ಬರಲು ಮಗಧಕ್ಕೆ ಜನ ಕಳುಹಿಸಿದ. ಚೀನಾದಲ್ಲಿ ಕಬ್ಬು ಆಗಲೇ ಇತ್ತು, ಹಾಲನ್ನು ಬತ್ತಿಸುವುದೂ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ಒಳ್ಳೆಯ ಹರಳು ಪಡೆಯುವ ಕ್ರಮ. ಬಳಿಕ ಯಾಂಗ್‌ಝೌನ ಕಬ್ಬಿನಿಂದ ಮಾಡಿಸಿದ ಸಕ್ಕರೆ ಬಣ್ಣದಲ್ಲೂ ರುಚಿಯಲ್ಲೂ ಪಶ್ಚಿಮದ ನಾಡುಗಳದ್ದನ್ನು ಮೀರಿಸಿತೆಂದು ಅವರ ಇತಿಹಾಸಕಾರರು ಹೆಮ್ಮೆಯಿಂದಲೇ ಬರೆದಿದ್ದಾರೆ. ಡುನ್‌ಹುವಾಂಗ್ ಗುಹೆಯಲ್ಲಿ ದೊರೆತ ಒಂದು ಹಳೆಯ ಹಾಳೆಯಲ್ಲೂ ಭಾರತದ ಸಕ್ಕರೆ ತಯಾರಿಕೆಯ ವಿವರಣೆಯಿದೆ. ಚೀನೀ ವಿದ್ವಾಂಸ ಜಿ ಶಿಯಾನ್‌ಲಿನ್ ಅದನ್ನು ಓದಿ ಬಿಡಿಸಿದರು.

ನೀರುಕಳೆಯ ಬದಲು ಒದ್ದೆ ಜೇಡಿಮಣ್ಣು ಹೊದಿಸುವ ಕ್ರಮ ಯುರೋಪಿನವರ ವಸಾಹತುಗಳಲ್ಲಿ ಬಹುಕಾಲ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಗಿರನೆ ತಿರುಗುವ ಜರಡಿಯಂತ್ರ ಬಂತು. ಕಾರ್ಖಾನೆಗಳಲ್ಲಿ ಈಗ ಕಾಕಂಬಿ ಕೆಲವೇ ನಿಮಿಷಗಳಲ್ಲಿ ಬೇರೆಯಾಗುತ್ತದೆ.