ಇನ್ವರ್ಟರಿನ ಮೇಲೆ ಕಂಪ್ಯೂಟರು: ದೋಷ ಅಲೆಯದೋ, ಅಂತರದ್ದೋ?



ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ನಮ್ಮ ತೋಟದ ಮನೆಗಳಲ್ಲಿ ಕರೆಂಟು ಯಾವಾಗ ಬರುವುದೆಂದು ಹೇಳುವವರಿಲ್ಲ. ಕೂಲಿಯ ಲೆಕ್ಕ, ಅಡಿಕೆಯ ಪಟ್ಟಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದವರು ಮನೆಯ ಇನ್ವರ್ಟರನ್ನೇ ನೆಚ್ಚಬೇಕಾಗಿದೆ. ಆದರೆ ದೀಪ, ಫ್ಯಾನು ಓಡಿಸಲೆಂದು ತಂದ ಇನ್ವರ್ಟರಿನಲ್ಲಿ ಕೆಲವರ ಕಂಪ್ಯೂಟರು ತಕರಾರಿಲ್ಲದೆ ನಡೆಯುತ್ತದೆ, ಕೆಲವರದು ಆರಿಹೋಗುತ್ತದೆ. ಈ ಭೇದದ ಕಾರಣ ನಮಗೆ ಸರಿಯಾಗಿ ತಿಳಿದದ್ದು ಕಳೆದ ಬೇಸಿಗೆಯಲ್ಲಿ, ನಮ್ಮ ತಂಗಿಯನ್ನು ಕೊಟ್ಟ ಊರಾದ ಯಲಬುರ್ಗಾದಲ್ಲಿ.

ಅಲ್ಲಿ ತಂಗಿಯ ಮಗ ಗೊಬ್ಬರದ ಅಂಗಡಿ ನಡೆಸುತ್ತಾನೆ. ಉದ್ರಿ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದೆ. ಹಳೆಯ ಪವರ್ ಸಪ್ಲೈ, ಎಂದರೆ ಎಸ್‌ಎಂಪಿಎಸ್ ಡಬ್ಬಿ, ಆರು ವರ್ಷ ಅದೇ ಇನ್ವರ್ಟರಿನಲ್ಲಿ ನಡೆದು ಕೆಟ್ಟಿತ್ತು. ಹೊಸದನ್ನು ಹಾಕಿಸಿದ ಮೇಲೆ ಗೋಳು ಶುರುವಾಯಿತು. "ಮಾಮಾ, ಕರೆಂಟ್ ಹೋದ್ರ ಇನ್ವರ್ಟರ್ ಕೂಗತೈತಿ, ಕಂಪ್ಯೂಟರ್ ಬಂದ್ ಆಗತೈತಿ. ಇನ್ವರ್ಟರನ್ನ ಬದಲಿ ಮಾಡ್ರಿ ಅಂತಾರ" ಎಂದ. ದುಡ್ಡು ಖರ್ಚು ಮಾಡುವ ಮೊದಲು ಪರೀಕ್ಷೆ ಮಾಡೋಣವೆಂದು ನಾವು ಕುಳಿತೆವು.

ಮೊದಲು ಅಲೆಯ ವಿಷಯ. ಕಂಬದಿಂದ ಬರುವ ಕರೆಂಟು ಕೆರೆಯ ಅಲೆಯಂತೆ ನಯವಾಗಿ ಏರಿ ಇಳಿಯುತ್ತದೆ. ಇದು ಸೈನ್ ಅಲೆ. 230 ವೋಲ್ಟಿನ ಈ ಅಲೆಯ ತುದಿ ಸುಮಾರು 325 ವೋಲ್ಟಿನವರೆಗೆ ಹೋಗುತ್ತದೆ. ಅಗ್ಗದ ಇನ್ವರ್ಟರು ಕೊಡುವುದು ಮಾರ್ಪಡಿಸಿದ ಸೈನ್ ಅಲೆ; ಅಂಗಡಿಯವರು ಇದನ್ನೂ ಸ್ಕ್ವೇರ್ ವೇವ್ ಎಂದೇ ಕರೆಯುವುದುಂಟು. ಅದು ಅಲೆಯಲ್ಲ, ಮೆಟ್ಟಿಲು: ಒಮ್ಮೆಲೇ ಮೇಲೆ ಹಾರಿ, ಸ್ವಲ್ಪ ಹೊತ್ತು ನಿಂತು, ಸೊನ್ನೆಗೆ ಬಿದ್ದು, ಅಲ್ಲಿ ತಡೆದು, ಕೆಳಗೆ ಹೋಗುತ್ತದೆ. ಸಾಮಾನ್ಯ ಮೀಟರು ಈ ಮೆಟ್ಟಿಲನ್ನು ತಪ್ಪಾಗಿ ಓದುತ್ತದೆ. ನಿಜಕ್ಕೂ 230 ಇದ್ದಾಗ ಅದು 180ರ ಆಸುಪಾಸು ತೋರಿಸಬಹುದು. ಅದನ್ನು ಕಂಡು ಇನ್ವರ್ಟರು ಕೆಟ್ಟಿದೆಯೆಂದು ತೀರ್ಮಾನಿಸಬಾರದು.

ಈ ಮೆಟ್ಟಿಲನ್ನು ಎಲ್ಲ ಪವರ್ ಸಪ್ಲೈಗಳೂ ಒಂದೇ ರೀತಿ ಸಹಿಸುವುದಿಲ್ಲ. ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚಿರುವ ಹಳೆಯ ಮಾದರಿಯದು ಸರಳ ಪ್ರಾಣಿ. ಅಲೆಯ ತುದಿ ಬಂದಾಗ ಒಳಗಿನ ಕಪಾಸಿಟರನ್ನು ತುಂಬಿಕೊಳ್ಳುತ್ತದೆ. ಅಲೆಯ ಆಕಾರವನ್ನು ಕೇಳುವುದಿಲ್ಲ. ಸ್ವಲ್ಪ ಗುಂಯ್‌ಗುಟ್ಟಬಹುದು, ಆದರೆ ನಡೆಯುತ್ತದೆ. ಸ್ವಿಚ್ಚು ಮಾತ್ರ 230ರ ಕಡೆಗೇ ಇರಬೇಕು. 115ಕ್ಕೆ ಸರಿದರೆ ಡಬ್ಬಿ ಸುಟ್ಟುಹೋಗುತ್ತದೆ.

ಈಗಿನವುಗಳಲ್ಲಿ ಹೆಚ್ಚಿನವಕ್ಕೆ ಆ ಸ್ವಿಚ್ಚಿಲ್ಲ. ಚೀಟಿಯ ಮೇಲೆ 100-240 ವೋಲ್ಟ್ ಎಂದೋ, ಆಕ್ಟಿವ್ ಪಿ.ಎಫ್.ಸಿ. ಎಂದೋ, 80 ಪ್ಲಸ್ ಎಂದೋ ಇರುತ್ತದೆ. ಇವು ಅಲೆಯ ಆಕಾರವನ್ನು ನೋಡುತ್ತಾ, ಅದಕ್ಕೆ ಹೊಂದುವಂತೆ ಕರೆಂಟು ಎಳೆಯುತ್ತವೆ. ಮೆಟ್ಟಿಲು ಸೊನ್ನೆಯಲ್ಲಿ ನಿಂತಾಗ ಎಳೆಯಲು ಏನೂ ಸಿಗದು, ಮರುಕ್ಷಣ ಪೂರ್ತಿ ಎತ್ತರ ಎದುರಿಗೆ ಬರುತ್ತದೆ. ಕೆಲವು ಡಬ್ಬಿಗಳು ಇದನ್ನು ಸುಧಾರಿಸಿಕೊಳ್ಳುತ್ತವೆ, ಕೆಲವು ಆರಿಹೋಗುತ್ತವೆ. ಚೀಟಿ ಓದಿ ಇದನ್ನು ಹೇಳಲಾಗದು, ನಡೆಸಿಯೇ ನೋಡಬೇಕು. ಲ್ಯಾಪ್‌ಟಾಪಿನ ಮತ್ತು ಪುಟ್ಟ ಕಂಪ್ಯೂಟರುಗಳ ಅಡಾಪ್ಟರುಗಳಲ್ಲಿ 75 ವಾಟಿಗಿಂತ ಕಡಿಮೆಯವಕ್ಕೆ ಸಾಮಾನ್ಯವಾಗಿ ಈ ಏರ್ಪಾಡೇ ಇರುವುದಿಲ್ಲ. ಆದ್ದರಿಂದ ಅವು ಮೆಟ್ಟಿಲಿನಲ್ಲೂ ಸಲೀಸಾಗಿ ನಡೆಯುತ್ತವೆ.

ಯಲಬುರ್ಗಾದ ಹೊಸ ಡಬ್ಬಿಯ ಮೇಲೆ 80 ಪ್ಲಸ್ ಎಂದಿತ್ತು. ಹಾಗಾದರೆ ದೋಷ ಅಲೆಯದೇ ಎಂದು ತೋರಿತು. ಆದರೂ ಪರೀಕ್ಷಿಸಿದೆವು. ಕಂಪ್ಯೂಟರನ್ನು ಆರಿಸಿ, ಮನೆಯ ಮೇನ್ ಸ್ವಿಚ್ ತೆಗೆದು, ಇನ್ವರ್ಟರು ನಡೆಯತೊಡಗಿದ ಮೇಲೆ ಕಂಪ್ಯೂಟರು ಹಚ್ಚಿದೆವು. ಅದು ಎದ್ದು ಕುಳಿತಿತು. ಸಣ್ಣಗೆ ಗುಂಯ್ ಎಂಬ ಸದ್ದು ಬಿಟ್ಟರೆ ಒಂದು ತಾಸು ನಿರಾತಂಕವಾಗಿ ನಡೆಯಿತು. ಹಿಂದಿನಿಂದ ಬರುವ ಗಾಳಿ ಎಂದಿಗಿಂತ ಹೆಚ್ಚು ಬಿಸಿಯಾಗಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಎಂದರೆ ಈ ಡಬ್ಬಿ ಅಲೆಯನ್ನು ಸಹಿಸುತ್ತದೆ. ಆರುತ್ತಿದ್ದದ್ದು ಕರೆಂಟು ಹೋಗುವ ಆ ಗಳಿಗೆಯಲ್ಲಿ ಮಾತ್ರ.

ಆ ಗಳಿಗೆಯಲ್ಲಿ ನಡೆಯುವುದು ಇದು. ಕರೆಂಟು ಹೋಗಿ ಇನ್ವರ್ಟರು ಬ್ಯಾಟರಿಗೆ ಬದಲಾಗುವ ನಡುವೆ ಒಂದು ಅಂತರವಿದೆ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಅರವತ್ತನೆಯ ಒಂದು ಪಾಲು, ಉಸಿರು ಹಿಡಿಯುವಂತೆ ಮಾಡಲ್ಪಟ್ಟಿರುತ್ತದೆ. ಹೊರೆ ಹಗುರವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಅನೇಕ ಮನೆ ಇನ್ವರ್ಟರುಗಳ ಹಿಂದೆ ಒಂದು ಪುಟ್ಟ ಸ್ವಿಚ್ಚಿದ್ದು, ನಾರ್ಮಲ್ ಮತ್ತು ಯುಪಿಎಸ್ ಎಂದು ಬರೆದಿರುತ್ತದೆ. ಯುಪಿಎಸ್ ಕಡೆಗಿದ್ದರೆ ಅಂತರ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡು. ನಾರ್ಮಲ್ ಕಡೆಗಿದ್ದರೆ ಅದಕ್ಕಿಂತ ಬಹಳ ಹೆಚ್ಚು. ದೀಪಕ್ಕೆ ಇದರ ಪರಿವೆಯಿಲ್ಲ, ಕಂಪ್ಯೂಟರಿಗಿದೆ. ಅಂತರ ಉದ್ದವಾದಾಗ ಕಪಾಸಿಟರು ಬರಿದಾಗುತ್ತದೆ. ಇನ್ವರ್ಟರು ಬಂದೊಡನೆ ಅದು ಒಮ್ಮೆಲೇ ಕರೆಂಟು ಸೆಳೆಯುವುದರಿಂದ ಇನ್ವರ್ಟರು ಅತಿ ಹೊರೆಯೆಂದು ಕೂಗುತ್ತದೆ.

ಅಳಿಯನ ಇನ್ವರ್ಟರು ನಾರ್ಮಲ್ ಕಡೆಗಿತ್ತು. ಯುಪಿಎಸ್ ಕಡೆಗೆ ಸರಿಸಿ, ಲೆಕ್ಕವನ್ನು ಉಳಿಸಿಕೊಂಡು, ಹತ್ತು ಸಲ ಮೇನ್ ತೆಗೆದು ಹಾಕಿದೆವು. ಒಮ್ಮೆಯೂ ಆರಲಿಲ್ಲ. ಹಳೆಯ ಡಬ್ಬಿ ಅದೇ ಅಂತರವನ್ನು ಹೇಗೆ ದಾಟುತ್ತಿತ್ತೆಂದು ಅವನು ಕೇಳಿದ. ಆಗ ಹೊರೆ ಹಗುರವಿತ್ತು. ಈಗ ಕಂಪ್ಯೂಟರಿನ ಒಳಗೂ ಹೊಸ ಭಾಗಗಳು ಸೇರಿವೆ.

ಇದಕ್ಕೂ ಮಿತಿಯುಂಟು. ಯುಪಿಎಸ್ ಕಡೆಗಿಟ್ಟಾಗ ಲೈನಿನ ವೋಲ್ಟೇಜು ಸುಮಾರು 180ಕ್ಕಿಂತ ಇಳಿದೊಡನೆ ಇನ್ವರ್ಟರು ಬ್ಯಾಟರಿಗೆ ಹೋಗುತ್ತದೆ. ಬೇಸಿಗೆಯ ಸಂಜೆ ಪಂಪುಗಳೆಲ್ಲ ಓಡುವಾಗ ಯಲಬುರ್ಗಾದಲ್ಲಿ ಹೀಗೆ ಮತ್ತೆ ಮತ್ತೆ ಆಯಿತು, ಬ್ಯಾಟರಿ ಚಾರ್ಜಾಗಲು ಹೊತ್ತೇ ಸಿಗಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಸ್ವಿಚ್ಚನ್ನು ನಾರ್ಮಲ್ಲಿಗೆ ಸರಿಸುವುದನ್ನು ಅಳಿಯ ರೂಢಿಮಾಡಿಕೊಂಡಿದ್ದಾನೆ. ಎರಡನೆಯದು, ಬ್ಯಾಟರಿ ಇಳಿದಂತೆ ಇಂಥ ಇನ್ವರ್ಟರಿನ ಮೆಟ್ಟಿಲಿನ ಎತ್ತರವೂ ಇಳಿಯುತ್ತದೆ. ಮೊದಲ ಅರ್ಧ ತಾಸು ಚೆನ್ನಾಗಿ ನಡೆದು ಆಮೇಲೆ ಆರಿದರೆ ಪವರ್ ಸಪ್ಲೈಯನ್ನು ದೂರುವ ಮೊದಲು ಬ್ಯಾಟರಿಯ ನೀರು ಮತ್ತು ವಯಸ್ಸನ್ನು ನೋಡಬೇಕು.

ಮೇನ್ ತೆಗೆದು ಮಾಡುವ ಮೊದಲ ಪರೀಕ್ಷೆಯಲ್ಲೇ ಕಂಪ್ಯೂಟರು ಏಳದಿದ್ದರೆ, ಜೋರಾಗಿ ಗುಂಯ್‌ಗುಟ್ಟಿದರೆ, ಡಬ್ಬಿ ವಿಪರೀತ ಬಿಸಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಆಗ ದೋಷ ನಿಜವಾಗಿಯೂ ಅಲೆಯದು. ಪವರ್ ಸಪ್ಲೈಯನ್ನೋ ಇನ್ವರ್ಟರನ್ನೋ ಬದಲಿಸಬೇಕು, ಇಲ್ಲವೆ ಅಡಾಪ್ಟರಿನಿಂದ ನಡೆಯುವ ಪುಟ್ಟ ಕಂಪ್ಯೂಟರು ತರಬೇಕು. ನಡುವೆ ಇನ್ನೊಂದು ಚಿಕ್ಕ ಯುಪಿಎಸ್ ಇಟ್ಟರೆ ಸರಿಹೋಗುವುದೆಂದು ಕೆಲವರು ಹೇಳುತ್ತಾರೆ. ಅಂಥ ಯುಪಿಎಸ್ ಅನೇಕ ವೇಳೆ ಈ ಮೆಟ್ಟಿಲನ್ನು ಕರೆಂಟೆಂದೇ ಒಪ್ಪದೆ ತನ್ನ ಬ್ಯಾಟರಿಯನ್ನೇ ಖಾಲಿಮಾಡಿಕೊಂಡು ಕೂರುತ್ತದೆ. ಡಬ್ಬಿಯನ್ನು ಬಿಚ್ಚಿ ನೋಡುವ ಸಾಹಸ ಮಾತ್ರ ಬೇಡ. ಪ್ಲಗ್ ತೆಗೆದ ಮೇಲೂ ಒಳಗೆ 300 ವೋಲ್ಟಿಗೂ ಮೀರಿದ ಕರೆಂಟು ನಿಂತಿರಬಹುದು.

ಹೊಸ ಪವರ್ ಸಪ್ಲೈ ಕೊಳ್ಳುವ ಸದಸ್ಯರು ಅಂಗಡಿಯವರೊಡನೆ ಮೊದಲೇ ಮಾತಾಡಿ, ಮನೆಯ ಇನ್ವರ್ಟರಿನಲ್ಲಿ ನಡೆಯದಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒಪ್ಪಿಸಿಕೊಂಡು, ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಲೇಸು.