ಆರಾಮ ಅದೀರಿ? ಹುಬ್ಬು ಏರಿಸಿ ಕೇಳುವ ಮಾತು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗ ನಡೆಯುವ ಹೊತ್ತಿಗೆ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಸದ್ದಿನ ನಡುವೆ ಕಿವಿ ಚೆನ್ನಾಗಿ ಕೇಳುವವರೂ ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ಚಹಾ ಬಂತು, ಆಮೇಲೆ ಬಾ, ಅವನನ್ನು ಕರಿ, ಎಲ್ಲಕ್ಕೂ ಒಂದೊಂದು ಸನ್ನೆ ಇದೆ. ಅದೇ ಜನ ಸಂಜೆ ಕಟ್ಟೆಗೆ ಬಂದು, ಕಿವಿ ಕೇಳಿಸದ ಪಕ್ಕದ ಮನೆಯ ಹಿರಿಯರು ಎದುರಾದರೆ, ಕೈ ಕಟ್ಟಿಕೊಂಡು ಗಂಟಲು ಏರಿಸುತ್ತಾರೆ. “ಸ್ವಲ್ಪ ಜೋರ್ ಹೇಳ್ರಿ, ತಿಳೀತೈತಿ ಅವ್ರಿಗೆ” ಎಂಬುದು ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಕೇಳಿಬರುವ ಸಲಹೆ. ವಯಸ್ಸಾಗಿ ಕಿವಿ ಮಂದವಾದವರಿಗೆ ಇದು ಅಲ್ಪಸ್ವಲ್ಪ ಉಪಯೋಗವಾದೀತು. ಹುಟ್ಟಿನಿಂದ ಕೇಳಿಸದವರಿಗೆ ಕೂಗಿದರೆ ಅವರಿಗೆ ಕಾಣುವುದು ಸಿಟ್ಟಿನ ಮುಖ ಮಾತ್ರ.

“ತುಟಿ ನೋಡಿ ತಿಳ್ಕೋತಾರ ಬಿಡ್ರಿ” ಎಂಬುದು ಇದರ ಜೊತೆಗೇ ಬರುವ ನಂಬಿಕೆ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ಪಾಪ, ಬಾಬಾ, ಮಾಮಾ ಅಂದು ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ತರ ಮುಚ್ಚಿ ತೆರೆಯುತ್ತದೆ. ಕ, ಗ, ಹ ಹುಟ್ಟುವುದು ಬಾಯಿಯ ಹಿಂದೆ, ಗಂಟಲಲ್ಲಿ, ಅವು ಕಾಣುವುದೇ ಇಲ್ಲ. ಮೇಲೆ ಪೊದೆ ಮೀಸೆ, ಒಳಗೆ ಎಲೆ-ಅಡಿಕೆ ಇದ್ದರಂತೂ ಮುಗಿಯಿತು. ತುಟಿ ಓದಬಲ್ಲವರೂ ಅರ್ಧ ನೋಡಿ, ಇನ್ನರ್ಧವನ್ನು ಸಂದರ್ಭದಿಂದ ಊಹಿಸುತ್ತಾರೆ. ಕೂಗುವಾಗ ಬಾಯಿ ಅಗಲಿಸಿ ಹಿಗ್ಗಿಸುತ್ತೇವಲ್ಲ, ಆಗ ಆ ಅರ್ಧವೂ ಕೆಡುತ್ತದೆ.

ಹಾಗಾದರೆ ನಮಸ್ಕಾರ ಎಲ್ಲಿಂದ ಶುರುವಾಗಬೇಕು? ಕೈಯಿಂದಲ್ಲ, ನಾವು ನಿಲ್ಲುವ ಜಾಗದಿಂದ. ಅವರು ನಮ್ಮನ್ನು ನೋಡುವ ತನಕ ನಾವು ಏನು ಮಾಡಿದರೂ ಅದು ಮಾತಲ್ಲ. ದೂರದಲ್ಲಿದ್ದರೆ ಅವರ ನೋಟಕ್ಕೆ ಬೀಳುವಷ್ಟು ಎತ್ತರದಲ್ಲಿ ಕೈ ಬೀಸಿ. ಹತ್ತಿರದಲ್ಲಿದ್ದರೆ ಬದಿಯಿಂದ ಬಂದು ಭುಜವನ್ನು ಎರಡು ಸಲ ಮೆಲ್ಲಗೆ ತಟ್ಟಿ. ಇದು ಕಿವುಡರ ನಡುವೆ ಸಾಮಾನ್ಯ ಶಿಷ್ಟಾಚಾರ, ಯಾರೂ ತಪ್ಪು ತಿಳಿಯುವುದಿಲ್ಲ. ಹೆಣ್ಣುಮಕ್ಕಳನ್ನು ಮುಟ್ಟಿ ಕರೆಯಲು ಸಂಕೋಚವಾದರೆ ಕೈ ಬೀಸಿದರೂ ಸಾಕು. ಬೆನ್ನ ಹಿಂದಿನಿಂದ ಬಂದು ಹಿಡಿದು ಅಲುಗಾಡಿಸುವುದು, ಗಮನ ಸೆಳೆಯಲೆಂದು ಕಡ್ಡಿಯನ್ನೋ ಕಲ್ಲನ್ನೋ ಎಸೆಯುವುದು ಬೇಡ. ಮನೆಯೊಳಗಿದ್ದರೆ ದೀಪದ ಸ್ವಿಚ್ಚನ್ನು ಒಂದೆರಡು ಸಲ ಆರಿಸಿ ಹಚ್ಚಬಹುದು. ನೆಲಕ್ಕೆ ಕಾಲು ಬಡಿಯುವ ಉಪಾಯ ಹಲಗೆಯ ಅಟ್ಟದ ಮೇಲೆ ನಡೆಯುತ್ತದೆ, ಪರಸಿ ಕಲ್ಲಿನ ನೆಲದಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪಡಸಾಲೆಯಲ್ಲಿ ಮಬ್ಬುಗತ್ತಲೆ, ಬಾಗಿಲ ಹೊರಗೆ ಕಣ್ಣು ಕುಕ್ಕುವ ಬಿಸಿಲು. ನೀವು ಹೊಸ್ತಿಲ ಮೇಲೆ ನಿಂತು ಕೈ ಆಡಿಸಿದರೆ ಒಳಗಿದ್ದವರಿಗೆ ಒಂದು ಕಪ್ಪು ಆಕಾರ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಎರಡು ಹೆಜ್ಜೆ ಒಳಗೆ ಬಂದು, ಬೆಳಕಿಂಡಿಯ ಕೆಳಗೋ ಬಲ್ಬಿನ ಮುಂದೋ, ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ನಿಲ್ಲಬೇಕು. ಎಷ್ಟೋ ಸಲ “ಸನ್ನಿ ಮಾಡಿದ್ರೂ ತಿಳೀಲಿಲ್ಲ” ಎನ್ನುವ ದೂರಿಗೆ ಕಾರಣ ಇಷ್ಟೇ.

ಈಗ ಕೈಗೆ ಬರೋಣ. ನಮಸ್ಕಾರಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಎದೆಯ ಮುಂದೆ ಎರಡೂ ಕೈ ಜೋಡಿಸುವುದು ಭಾರತೀಯ ಸಂಜ್ಞಾ ಭಾಷೆಯಲ್ಲೂ ನಮಸ್ಕಾರವೇ. ಒಂದು ಕೈಯಲ್ಲಿ ಕೊಡವೋ ಸಂತೆಯ ಚೀಲವೋ ಇದ್ದರೆ, ಇನ್ನೊಂದು ಕೈಯ ಬೆರಳು ಜೋಡಿಸಿ ಹಣೆಯ ಬದಿಗೆ ತಂದು ಸ್ವಲ್ಪ ಮುಂದಕ್ಕೆ ಸರಿಸಿದರೆ ‘ಹಲೋ’ ಆಯಿತು.

ಮುಂದಿನ ಮಾತು ನಮ್ಮ ಸೀಮೆಯ ಖಾಯಂ ಪ್ರಶ್ನೆ: ಆರಾಮ ಅದೀರಿ? ಮೊದಲು ಎದುರಿಗಿದ್ದವರ ಕಡೆ ತೋರಿಸಿ, ಆಮೇಲೆ ಮುಷ್ಟಿ ಮಡಚಿ ಹೆಬ್ಬೆರಳು ಮೇಲೆತ್ತಿ. ಎತ್ತಿದ ಹೆಬ್ಬೆರಳೆಂದರೆ ಒಳ್ಳೆಯದು, ಚೆನ್ನಾಗಿದೆ. ಆದರೆ ಇಷ್ಟಕ್ಕೇ ನಿಂತರೆ “ನೀವು ಆರಾಮ ಅದೀರಿ” ಎಂದು ನೀವೇ ತೀರ್ಪು ಕೊಟ್ಟಂತೆ. ಅದನ್ನು ಪ್ರಶ್ನೆ ಮಾಡುವುದು ಮುಖ. ಹುಬ್ಬು ಮೇಲೇರಬೇಕು, ತಲೆ ತುಸು ಮುಂದಕ್ಕೆ ಬಾಗಬೇಕು, ಉತ್ತರ ಬರುವ ತನಕ ಹೆಬ್ಬೆರಳು ಹಾಗೇ ನಿಂತಿರಬೇಕು. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳೆಲ್ಲ ಹೀಗೆಯೇ ಹುಬ್ಬಿನಿಂದ ಆಗುತ್ತವೆ. ಮುಖ ಬಿಗಿದುಕೊಂಡು ಬರೀ ಕೈ ಆಡಿಸುವುದು ಹೊಸದಾಗಿ ಕಲಿಯುವವರ ದೊಡ್ಡ ದೋಷ. ದೊಡ್ಡವರ ಮುಂದೆ ಮುಖ ಕುಣಿಸುವುದು ಸಭ್ಯತೆಯಲ್ಲ ಎಂಬ ಅಳುಕು ನಮ್ಮಲ್ಲಿ ಬಹಳ, ಇಲ್ಲಿ ಅದನ್ನು ಬಿಡದೆ ಗತಿಯಿಲ್ಲ.

ಅವರು ತಮ್ಮ ಎದೆ ಮುಟ್ಟಿ ಹೆಬ್ಬೆರಳು ತೋರಿಸಿದರೆ ಆರಾಮ ಇದ್ದಾರೆ. ಕಿರುಬೆರಳು ಎತ್ತಿದರೆ ಏನೋ ಚೆನ್ನಾಗಿಲ್ಲ, ಯಾಕೆಂದರೆ ಸಂಜ್ಞಾ ಭಾಷೆಯಲ್ಲಿ ಕಿರುಬೆರಳು ಕೆಟ್ಟದ್ದರ ಗುರುತು. ನಮ್ಮ ಸಾಲೆಯ ಹುಡುಗರು ಕಿರುಬೆರಳು ಎತ್ತುವುದು ಯಾವುದಕ್ಕೆಂದು ಎಲ್ಲರಿಗೂ ಗೊತ್ತು. ಹಿರಿಯರು ಪಾಪ ತಮ್ಮ ಮಂಡಿನೋವು ಹೇಳುತ್ತಿರುವಾಗ ಬಚ್ಚಲ ದಾರಿ ತೋರಿಸಬೇಡಿ.

ಊಟವಾಯಿತೇ ಎಂದು ಕೇಳಲು ಐದೂ ಬೆರಳ ತುದಿ ಕೂಡಿಸಿ ಬಾಯಿಯ ಹತ್ತಿರ ಎರಡು ಸಲ ಒಯ್ದು ಹುಬ್ಬೇರಿಸಿದರೆ ಸಾಕು. ಧನ್ಯವಾದಕ್ಕೂ ಕೈ ಅದೇ ಜಾಗಕ್ಕೆ ಹೋಗುತ್ತದೆ, ಆದರೆ ಆಕಾರ ಬೇರೆ. ಬೆರಳುಗಳು ಚಪ್ಪಟೆಯಾಗಿ ಜೋಡಿಸಿರಬೇಕು, ತುದಿ ಗದ್ದಕ್ಕೆ ತಾಗಿ, ಅಲ್ಲಿಂದ ಕೈ ಎದುರಿನವರ ಕಡೆಗೆ ಮುಂದಕ್ಕೂ ಕೆಳಕ್ಕೂ ಬರಬೇಕು. ಬೆರಳು ಮುದುಡಿದರೆ ಅದು ಊಟವಾಗುತ್ತದೆ. ಗದ್ದ ಬಿಟ್ಟು ತುಟಿಯ ಮೇಲಿಂದಲೇ ಕೈ ಹಾರಿಸಿದರೆ ಮುತ್ತು ಕಳಿಸಿದಂತೆ ಕಾಣುತ್ತದೆ, ಓಣಿಯಲ್ಲಿ ಅದಕ್ಕೆ ಬೇರೆಯದೇ ಅರ್ಥ ಹುಟ್ಟೀತು.

“ಬೆರಳು ಮಾಡಿ ತೋರಿಸೋದು ಮರ್ಯಾದಿ ಅಲ್ಲ” ಎಂದು ಹಿಂಜರಿಯುವವರಿದ್ದಾರೆ. ಸಂಜ್ಞಾ ಭಾಷೆಯಲ್ಲಿ ತೋರುಬೆರಳೇ ನಾನು, ನೀವು, ಅವರು. ಅದಿಲ್ಲದೆ ವಾಕ್ಯವೇ ನಿಲ್ಲದು. ಹಿರಿಯರತ್ತ ಬೆರಳು ತೋರಲು ಕೈ ಬಾರದಿದ್ದರೆ ಅಂಗೈ ತೆರೆದು ತೋರಿಸಿ, ಅರ್ಥವಾಗುತ್ತದೆ.

ಇನ್ನು, ಸನ್ನೆಯೆಂದರೆ ಕನ್ನಡದ ಮಾತನ್ನೇ ಪದಕ್ಕೊಂದು ಗುರುತಿನಂತೆ ಕೈಯಲ್ಲಿ ಇಡುವುದು ಎಂದು ಓದಿದವರೂ ತಿಳಿದಿರುತ್ತಾರೆ. ಹಾಗಲ್ಲ. ಏನು, ಯಾರು, ಎಲ್ಲಿ, ಯಾವಾಗ ಎಂದು ನಮಗೆ ಬೇರೆ ಬೇರೆ ಪದಗಳಿವೆ. ಭಾರತೀಯ ಸಂಜ್ಞಾ ಭಾಷೆಯ ವ್ಯಾಕರಣವನ್ನು ಅಭ್ಯಾಸ ಮಾಡಿದ ಉಲ್ರಿಕೆ ತ್ಸೆಶಾನ್ ಎಂಬ ಜರ್ಮನ್ ವಿದ್ವಾಂಸೆ ತೋರಿಸಿದಂತೆ, ಇಲ್ಲಿ ಈ ಎಲ್ಲವನ್ನೂ ಒಂದೇ ಪ್ರಶ್ನೆಯ ಸನ್ನೆ ಹೊತ್ತುಕೊಳ್ಳಬಲ್ಲದು. ಬೇಕಾದರೆ ಅದರ ಜೊತೆಗೆ ಮುಖದ ಸನ್ನೆ ಸೇರಿಸಿ ‘ಯಾರು’, ಜಾಗದ ಸನ್ನೆ ಸೇರಿಸಿ ‘ಎಲ್ಲಿ’, ಹೊತ್ತಿನ ಸನ್ನೆ ಸೇರಿಸಿ ‘ಯಾವಾಗ’ ಮಾಡಿಕೊಳ್ಳುತ್ತಾರೆ. ಪ್ರಶ್ನೆಯ ಸನ್ನೆ ಬರುವುದು ವಾಕ್ಯದ ಕೊನೆಗೆ. “ಎಲ್ಲಿಗೆ ಹೊಂಟೀರಿ” ಎಂಬ ನಮ್ಮ ಮಾತು ಅಲ್ಲಿ “ನೀವು, ಹೋಗು, ಎಲ್ಲಿ” ಎಂಬ ಸಾಲಿನಲ್ಲಿ ಬರುತ್ತದೆ.

“ಸನ್ನಿ ಭಾಷೆ ಜಗತ್ತಿಗೆಲ್ಲ ಒಂದೇ” ಎಂಬ ನಂಬಿಕೆ ಮೊಬೈಲ್ ಬಂದ ಮೇಲೆ ಹೆಚ್ಚು ತೊಂದರೆ ಕೊಡುತ್ತಿದೆ. ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ವಿಡಿಯೋ. ಅಲ್ಲಿನ ಅಕ್ಷರಮಾಲೆ ಒಂದೇ ಕೈಯದು. ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಬ್ರಿಟಿಷರ ಪದ್ಧತಿಯಂತೆ ಎರಡೂ ಕೈ ಸೇರಿಸಿ ತೋರಿಸುತ್ತಾರೆ. ಎ, ಇ, ಐ, ಓ, ಯು ಎಂಬ ಐದು ಸ್ವರಗಳು ಎಡಗೈಯ ಹೆಬ್ಬೆರಳಿಂದ ಕಿರುಬೆರಳ ತನಕ ಐದು ತುದಿಗಳ ಮೇಲೆ ಸಾಲಾಗಿ ಕೂತಿವೆ. ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಅಲಿಪುರದಲ್ಲಿ ಆ ಊರಿನದೇ ಆದ ಬೇರೆ ಸಂಜ್ಞಾ ಭಾಷೆ ಬೆಳೆದಿದೆ. ಹಾಗೆಂದು ಪ್ರತಿ ರಾಜ್ಯಕ್ಕೂ ಒಂದೊಂದು ಭಾಷೆ ಎಂದೂ ಅಲ್ಲ. ಸ್ವತಃ ಕಿವುಡರಾದ ಸಂಶೋಧಕ ಮದನ್ ವಸಿಷ್ಠ, ಅವರ ಜೊತೆಗಾರ ಜೇಮ್ಸ್ ವುಡ್‌ವರ್ಡ್ 1970ರ ದಶಕದಲ್ಲಿ ದಿಲ್ಲಿ, ಕಲ್ಕತ್ತ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ ನೋಡಿದಾಗ, ಪದಗಳು ಅಲ್ಲಲ್ಲಿ ಬೇರೆಯಾದರೂ ಭಾಷೆ ಒಂದೇ ಎಂದು ಕಂಡುಕೊಂಡರು. 2015ರಲ್ಲಿ ದಿಲ್ಲಿಯಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಾದವು. ಅದರ ವಿಡಿಯೋಗಳು ಪುಕ್ಕಟೆ ಸಿಗುತ್ತವೆ. ISLRTC ಎಂದು ಹುಡುಕಿದರೆ ಅಮೆರಿಕದ ಗೊಂದಲ ತಪ್ಪುತ್ತದೆ.

ಆದರೆ ನಿಘಂಟು ಕಲಿತು ಹೋದರೂ ನಮ್ಮ ಹಿರಿಯರಿಗೆ ಅದು ತಿಳಿಯದೆ ಹೋಗಬಹುದು. ಕಿವುಡರ ಸಾಲೆಗೆ ಹೋಗಿ ಇತರ ಕಿವುಡರ ಜೊತೆ ಬೆಳೆದವರಿಗೆ ಭಾರತೀಯ ಸಂಜ್ಞಾ ಭಾಷೆ ಬರುತ್ತದೆ. ಊರಲ್ಲೇ, ಹೊಲ ಮಗ್ಗ ಅಂತ ಉಳಿದವರು ಮನೆಮಂದಿಯೊಡನೆ ತಾವೇ ಕಟ್ಟಿಕೊಂಡ ಸನ್ನೆಗಳಲ್ಲಿ ಬದುಕು ನಡೆಸಿರುತ್ತಾರೆ. ಇದನ್ನು ಗುರುತಿಸುವುದು ಕಷ್ಟವಲ್ಲ. ನಿಮ್ಮ ‘ಧನ್ಯವಾದ’ಕ್ಕೆ ಅವರು ಸುಮ್ಮನೆ ತಲೆಯಾಡಿಸಿ ನಕ್ಕರೆ, ತಿಳಿದಿಲ್ಲವೆಂದೇ ಹಿಡಿಯಿರಿ, ತಲೆಯಾಡಿಸುವುದು ಅವರ ಸೌಜನ್ಯ. ಅಂಥ ಹೊತ್ತಿಗೆ ಅವರ ಮನೆಯ ಚಿಕ್ಕ ಮಕ್ಕಳನ್ನು ಗಮನಿಸಿ, ಆ ಮನೆಯ ಸನ್ನೆ ಅವರಿಗೆ ಪಕ್ಕಾ ಗೊತ್ತಿರುತ್ತದೆ. ಊಟ ‘ಮುಗೀತು’ ಎನ್ನಲು ಅವರು ಕೈ ಹೇಗೆ ಒರೆಸುತ್ತಾರೋ ನೀವೂ ಹಾಗೇ ಒರೆಸಿ. ಚೀಟಿಯಲ್ಲಿ ಬರೆದು ತೋರಿಸುವುದು ಎಲ್ಲರಿಗೂ ನಡೆಯುತ್ತದೆ ಎಂದುಕೊಳ್ಳಬೇಡಿ. ಕೇಳದೇ ಇದ್ದ ಕನ್ನಡವನ್ನು ಬರಹದಲ್ಲಷ್ಟೇ ಕಲಿಯುವುದು ಕಷ್ಟದ ಕೆಲಸ, ಸಾಲೆ ಕಾಣದವರಿಗಂತೂ ಅದು ಬರೀ ಗೆರೆ.

ಹೆಸರಿನ ವಿಷಯಕ್ಕೆ ಬಂದರೆ, ಓಣಿಯಲ್ಲಿ “ಮೂಗ” ಅನ್ನುವುದೇ ಹೆಸರಾಗಿಬಿಟ್ಟಿರುತ್ತದೆ. ಅವರ ಗಂಟಲಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ನಗುತ್ತಾರೆ, ಸಿಟ್ಟು ಬಂದರೆ ದನಿ ತೆಗೆಯುತ್ತಾರೆ. ಕೇಳಿ ಕಲಿಯದ್ದರಿಂದ ಮಾತು ಬಂದಿಲ್ಲ, ಅಷ್ಟೇ. ಕಿವುಡರು ತಮ್ಮೊಳಗೆ ಅಕ್ಷರ ಬಿಡಿಸಿ ಹೆಸರು ಹೇಳುತ್ತ ಕೂರುವುದಿಲ್ಲ, ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇಟ್ಟಿರುತ್ತಾರೆ. ಗಲ್ಲದ ಮಚ್ಚೆ, ಮೀಸೆ ತಿರುವುವ ರೂಢಿ, ಕನ್ನಡಕ, ಹೀಗೆ ಎದ್ದು ಕಾಣುವುದೊಂದು ಹೆಸರಾಗುತ್ತದೆ. ಸ್ವಲ್ಪ ದಿನ ಮಾತಾಡಿಸಿದರೆ ನಿಮಗೂ ಒಂದು ಹೆಸರು ಬರುತ್ತದೆ. ಅದನ್ನು ನೀವೇ ಇಟ್ಟುಕೊಂಡು ಹೋಗುವ ಪದ್ಧತಿ ಇಲ್ಲ, ಅವರೇ ಇಡಬೇಕು. ಅವರು ನಿಮ್ಮ ಬೋಳುತಲೆಯನ್ನೋ ಡೊಳ್ಳುಹೊಟ್ಟೆಯನ್ನೋ ಆರಿಸಿಕೊಂಡರೆ ತಕರಾರು ಮಾಡುವಂತಿಲ್ಲ. ಅದು ಹೀಯಾಳಿಕೆಯಲ್ಲ, ಗುರುತು.