ಕಟಿಂಗ್ ವಿಭಾಗದ ತಲೆಗೆ ಬಂದ 1,20,000 ರೂಪಾಯಿ

ತಿಂಗಳು ಮುಗಿದು ಕೆಲವು ದಿನಗಳಲ್ಲಿ ಅಕೌಂಟ್ಸ್ ವಿಭಾಗದಿಂದ ಇಂಗ್ಲಿಷ್ ವರದಿ ಬರುತ್ತದೆ. ಅದರಲ್ಲಿ ಬಜೆಟ್, ಆಕ್ಚುಯಲ್, ವೇರಿಯನ್ಸ್ ಎಂಬ ಮೂರು ಕಾಲಂಗಳು, ಕೊನೆಯ ಅಂಕಿಯ ಪಕ್ಕದಲ್ಲಿ ‘ಎಫ್’ ಅಥವಾ ‘ಎ’. ಎಫ್ ಅಂದರೆ ಫೇವರಬಲ್, ಎ ಅಂದರೆ ಅಡ್ವರ್ಸ್. ಕೆಲವು ಕಂಪನಿಗಳು ಎ ಬದಲು ‘ಯು’ ಹಾಕುತ್ತವೆ. ಇನ್ನು ಕೆಲವು ಅಡ್ವರ್ಸ್ ಮೊತ್ತವನ್ನು ಬರೀ ಕಂಸದೊಳಗೆ ಇಡುತ್ತವೆ.

ಈ ಅಕ್ಷರಗಳು ಹೇಳುವುದು ಒಂದೇ ಸಂಗತಿ: ಬಜೆಟ್‌ನಲ್ಲಿ ಅಂದುಕೊಂಡದ್ದಕ್ಕಿಂತ ಲಾಭ ಹೆಚ್ಚುವಂತಾಯಿತೋ, ಕಡಿಮೆಯಾಗುವಂತಾಯಿತೋ. ಮಾರಾಟ ಬಜೆಟ್ ಮೀರಿದರೆ ಫೇವರಬಲ್, ಖರ್ಚು ಬಜೆಟ್ ಮೀರಿದರೆ ಅಡ್ವರ್ಸ್. ವಿಭಾಗದ ಮುಖ್ಯಸ್ಥರು ಚೆನ್ನಾಗಿ ಕೆಲಸ ಮಾಡಿದರೋ ಇಲ್ಲವೋ ಎಂಬ ತೀರ್ಪು ಅದರಲ್ಲಿಲ್ಲ. ಆದರೆ ರಿವ್ಯೂ ಮೀಟಿಂಗ್‌ನಲ್ಲಿ ಎಷ್ಟೋ ಜನ ಅದನ್ನು ತೀರ್ಪಿನಂತೆಯೇ ಓದುತ್ತಾರೆ, ಅಲ್ಲೇ ಅನ್ಯಾಯ ಆಗುವುದು.

ಶರ್ಟ್ ಹೊಲಿಯುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಉದಾಹರಣೆ ಕಟ್ಟಿಕೊಳ್ಳೋಣ. ಒಂದು ಶರ್ಟಿಗೆ 2 ಮೀಟರ್ ಬಟ್ಟೆ, ಮೀಟರಿಗೆ 150 ರೂಪಾಯಿ ಎಂಬುದು ಅಲ್ಲಿ ನಿಗದಿಯಾದ ಲೆಕ್ಕ. ತಿಂಗಳ ಬಜೆಟ್ 8,000 ಶರ್ಟ್, ಅಂದರೆ ಬಟ್ಟೆಗೆ 24 ಲಕ್ಷ. ಆರ್ಡರ್ ಹೆಚ್ಚಾಗಿ 10,000 ಶರ್ಟ್ ತಯಾರಾದವು. 20,800 ಮೀಟರ್ ಬಟ್ಟೆ 146 ರೂಪಾಯಿ ದರದಲ್ಲಿ ಬಂದು ಅಷ್ಟೂ ಬಳಕೆಯಾಯಿತು. ಖರ್ಚು 30,36,800 ರೂಪಾಯಿ. ವರದಿಯಲ್ಲಿ 6,36,800 ಅಡ್ವರ್ಸ್ ಎಂದು ಬಂತು.

ಈ ಅಂಕಿ ನೋಡಿ ಗಾಬರಿಯಾಗುವ ಮೊದಲು ಕೇಳಬೇಕಾದ ಪ್ರಶ್ನೆ, ‘ಯಾವ ಬಜೆಟ್‌ಗೆ ಹೋಲಿಸಿದ್ದು?’ 10,000 ಶರ್ಟಿನ ಖರ್ಚನ್ನು 8,000 ಶರ್ಟಿನ ಬಜೆಟ್ ಪಕ್ಕ ಇಟ್ಟರೆ ಹೆಚ್ಚು ಕಾಣದೆ ಇನ್ನೇನು? ತಯಾರಾದಷ್ಟು ಶರ್ಟಿಗೆ ಬಜೆಟ್ ಹಿಗ್ಗಿಸಿದರೆ 30 ಲಕ್ಷ ಆಗುತ್ತದೆ. ಇದಕ್ಕೆ ಫ್ಲೆಕ್ಸ್ಡ್ ಬಜೆಟ್ ಎನ್ನುತ್ತಾರೆ. ಅದಕ್ಕೆ ಹೋಲಿಸಿದರೆ ನಿಜವಾದ ಅಡ್ವರ್ಸ್ ಬರೀ 36,800.

ಈ 36,800 ಕೂಡ ಒಂದೇ ತುಂಡಲ್ಲ. ಮೀಟರಿಗೆ 4 ರೂಪಾಯಿ ಕಡಿಮೆ ಕೊಟ್ಟಿದ್ದರಿಂದ 20,800 ಮೀಟರಿಗೆ 83,200 ಫೇವರಬಲ್. ಇದು ಪ್ರೈಸ್ ವೇರಿಯನ್ಸ್, ಪರ್ಚೇಸ್ ವಿಭಾಗದ ಹೆಸರಿಗೆ ಹೋಗುತ್ತದೆ. 20,000 ಮೀಟರ್ ಸಾಕಾಗಬೇಕಿದ್ದಲ್ಲಿ 800 ಮೀಟರ್ ಹೆಚ್ಚು ಬಳಸಿದ್ದರಿಂದ, 150ರ ದರದಲ್ಲಿ, 1,20,000 ಅಡ್ವರ್ಸ್. ಇದು ಯೂಸೇಜ್ ವೇರಿಯನ್ಸ್, ಕಟಿಂಗ್ ವಿಭಾಗದ ತಲೆಗೆ. ಮೀಟಿಂಗ್‌ನಲ್ಲಿ ಪರ್ಚೇಸ್‌ನವರಿಗೆ ಶಹಬ್ಬಾಸ್, ಕಟಿಂಗ್‌ನವರಿಗೆ ‘ವೇಸ್ಟೇಜ್ ಯಾಕೆ?’ ಎಂಬ ಪ್ರಶ್ನೆ.

ಕಟಿಂಗ್ ಮುಖ್ಯಸ್ಥರು ಈಗ ಹುಡುಕಬೇಕಾದದ್ದು ಬಟ್ಟೆ ಬಂದಾಗ ಮಾಡಿದ ಇನ್‌ಸ್ಪೆಕ್ಷನ್ ವರದಿಯನ್ನು. ಅದರಲ್ಲಿ ರೋಲ್‌ಗಳ ಅಗಲ ಬರೆದಿರುತ್ತದೆ. ಎಂದಿನ ಬಟ್ಟೆ 58 ಇಂಚು, ಅಗ್ಗಕ್ಕೆ ಸಿಕ್ಕಿದ್ದು 56 ಇಂಚು ಎಂದಿಟ್ಟುಕೊಳ್ಳಿ. ಪನ್ನ ಕಡಿಮೆಯಾದರೆ ಅದೇ ತುಂಡುಗಳನ್ನು ಜೋಡಿಸಲು ಮಾರ್ಕರ್ ಉದ್ದವಾಗಲೇಬೇಕು. ವಿಸ್ತೀರ್ಣದ ಲೆಕ್ಕದಲ್ಲಿ 2 ಮೀಟರ್ ಬೇಕಾದಲ್ಲಿ ಸುಮಾರು 2.07 ಮೀಟರ್ ಬೇಕು. 10,000 ಶರ್ಟಿಗೆ ಹೆಚ್ಚು ಕಡಿಮೆ 714 ಮೀಟರ್. ಅಂದರೆ 800ರಲ್ಲಿ 714 ಮೀಟರ್ ಬಟ್ಟೆಯ ಅಗಲದಿಂದ ಹೋದದ್ದು. ಉಳಿದ ಸುಮಾರು 86 ಮೀಟರಿಗೆ, ಅಂದರೆ 12,900 ರೂಪಾಯಿಗೆ, ಮಾತ್ರ ಎಂಡ್ ಬಿಟ್, ತಪ್ಪು ಕಟ್ ಮುಂತಾದ ಕಾರಣಗಳನ್ನು ವಿಭಾಗದೊಳಗೆ ಹುಡುಕಬೇಕು. ಇದು ಅಂದಾಜು, ಸೈಜುಗಳ ಮಿಶ್ರಣದ ಮೇಲೆ ಅಂಕಿ ಬದಲಾಗುತ್ತದೆ. ಹೊಸ ಅಗಲಕ್ಕೆ ಹಾಕಿದ ಮಾರ್ಕರ್‌ನ ಉದ್ದ ನೋಡಿದರೆ ಖಚಿತವಾಗುತ್ತದೆ.

ಅಗಲದಿಂದ ಹೋದ ಬಟ್ಟೆಯ ಬೆಲೆ 1,07,100. ಪರ್ಚೇಸ್‌ನವರು ಉಳಿಸಿದ್ದು 83,200. ಎಫ್ ಎಂದು ಮೆಚ್ಚುಗೆ ಪಡೆದ ಖರೀದಿಯೇ ಕಂಪನಿಗೆ ಹತ್ತಿರ ಹತ್ತಿರ 24,000 ರೂಪಾಯಿ ನಷ್ಟ ತಂದಿದೆ. ನನ್ನ ಅನುಭವದಲ್ಲಿ ಅಡ್ವರ್ಸ್‌ಗಿಂತ ದೊಡ್ಡ ಫೇವರಬಲ್‌ಗಳೇ ಹೆಚ್ಚು ವಿಚಾರಣೆ ಬೇಡುತ್ತವೆ, ಯಾಕೆಂದರೆ ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಮೆಷಿನ್ ರಿಪೇರಿಯಲ್ಲಿ ಎಫ್ ಬಂದಿದ್ದರೆ ಸರ್ವಿಸ್ ಮುಂದೂಡಿರಬಹುದು, ಅಥವಾ ಬಿಲ್ ಇನ್ನೂ ಪುಸ್ತಕಕ್ಕೆ ಏರದೆ ಮುಂದಿನ ತಿಂಗಳು ಎ ಆಗಿ ಬರಬಹುದು.

ಹಾಗಾಗಿ ವರದಿಯ ರಿಮಾರ್ಕ್ಸ್ ಕಾಲಂನಲ್ಲಿ ‘ಹೆಚ್ಚು ವೇಸ್ಟೇಜ್, ಮುಂದೆ ಎಚ್ಚರ ವಹಿಸುತ್ತೇವೆ’ ಎಂದು ಬರೆದು ಸಹಿ ಹಾಕಬೇಡಿ. ‘ಬಟ್ಟೆಯ ಅಗಲ 58ರ ಬದಲು 56 ಇಂಚು; 714 ಮೀಟರ್ ಇದರಿಂದ; ಉಳಿದ 86 ಮೀಟರ್ ನಮ್ಮ ವಿಭಾಗದ್ದು’ ಎಂದು ಬರೆಯಿರಿ. ಇನ್‌ಸ್ಪೆಕ್ಷನ್ ವರದಿಯ ಪ್ರತಿಯನ್ನೂ ಲಗತ್ತಿಸಿ.